ಸಿಗರೇಟು ಬಿಟ್ಟ ಮೇಲೂ ಕೋಟಿನಿನ್ ಪಾಸಿಟಿವ್ ಏಕೆ?

ಶ್ರೀಧರ: ಡಾಕ್ಟರೇ, ಸಿಗರೇಟು ಬಿಟ್ಟು ಮೂರು ವಾರವಾಯಿತು. 21 ಮಿಲಿಗ್ರಾಂನ ನಿಕೋಟಿನ್ ಪ್ಯಾಚ್ ಹಾಕಿಕೊಳ್ಳುತ್ತಿದ್ದೇನೆ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿದ ಮೂತ್ರ ಪರೀಕ್ಷೆಯಲ್ಲಿ ಕೋಟಿನಿನ್ 900 ಬಂತೆಂದು ದಿನಾಂಕ ಮುಂದೂಡಿದ್ದಾರೆ. ಈಗ ಮನೆಯವಳೂ ನಾನು ಕದ್ದು ಸೇದುತ್ತಿದ್ದೇನೆ ಎನ್ನುತ್ತಾಳೆ. ನಿಕೋಟಿನ್ ಎಷ್ಟು ದಿನ ಉಳಿಯುತ್ತದೆ?

ಡಾ. ಸುಮತಿ (ಪ್ರಯೋಗಾಲಯ ವೈದ್ಯೆ): ಆ ವರದಿ ನೀವು ಸೇದಿದ್ದೀರಿ ಎಂದು ಹೇಳುವುದೇ ಇಲ್ಲ. ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಅರ್ಧವಾಗುತ್ತ ಹೋಗುತ್ತದೆ, ಒಂದು ದಿನದೊಳಗೆ ಬಹುತೇಕ ಮಾಯವಾಗುತ್ತದೆ. ಆದ್ದರಿಂದಲೇ ಅದನ್ನು ಹುಡುಕುವುದಕ್ಕಿಂತ ಯಕೃತ್ತು ಅದನ್ನು ಮಾರ್ಪಡಿಸಿ ಮಾಡುವ ಕೋಟಿನಿನ್ ಅನ್ನು ಅಳೆಯುತ್ತಾರೆ. ಇದು ಅರ್ಧಕ್ಕಿಳಿಯಲು ಸುಮಾರು ಹದಿನಾರು ಗಂಟೆ ಬೇಕು. ನಿಕೋಟಿನ್ ಹೊಗೆಯಿಂದ ಬಂತೋ, ಅಗಿಯುವ ತಂಬಾಕಿನಿಂದ ಬಂತೋ, ಪ್ಯಾಚ್‌ನಿಂದ ಬಂತೋ ಎಂಬುದು ಕೋಟಿನಿನ್‌ಗೆ ತಿಳಿಯದು. ದಿನವೂ ಪ್ಯಾಚ್ ಹಾಕಿಕೊಂಡವರ ಮೂತ್ರದಲ್ಲಿ 900 ಬರುವುದು ಆಶ್ಚರ್ಯವಲ್ಲ.

ಮನೆಯವರಿಗೂ ಶಸ್ತ್ರಚಿಕಿತ್ಸಕರಿಗೂ ಉತ್ತರ ಬೇಕಿದ್ದರೆ ಅನಬಾಸಿನ್ ಪರೀಕ್ಷೆ ಕೇಳಿ. ಅದು ತಂಬಾಕಿನ ಎಲೆಯಲ್ಲೇ ಇರುವ ವಸ್ತು. ಔಷಧಕ್ಕಾಗಿ ಶುದ್ಧೀಕರಿಸಿದ ನಿಕೋಟಿನ್‌ನಲ್ಲಿ ಅದು ಇರುವುದಿಲ್ಲ. ಕೋಟಿನಿನ್ ಹೆಚ್ಚಿದ್ದು ಅನಬಾಸಿನ್ ಕಾಣದಿದ್ದರೆ ನಿಮ್ಮ ಮಾತಿಗೆ ಅದೇ ಒಳ್ಳೆಯ ಬೆಂಬಲ. ಮಾದರಿ ಕೊಡುವಾಗಲೇ ಪ್ಯಾಚ್‌ನ ವಿಷಯ ಬರೆಸಿ. ವರದಿ ಬಂದ ಮೇಲೆ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ.

ಮಂಜುನಾಥ: ನನಗೆ ಬಂದ ಸಂದೇಶದಲ್ಲಿ ಬೆಳಗ್ಗೆ ನಿಂಬೆರಸ ಕುಡಿದರೆ ಎರಡೇ ದಿನದಲ್ಲಿ ತೊಳೆದುಹೋಗುತ್ತದೆ ಎಂದಿದೆ. ಮೂತ್ರ ಆಮ್ಲೀಯವಾದರೆ ನಿಕೋಟಿನ್ ಬೇಗ ಹೊರಹೋಗುತ್ತದೆ, ಇದು ವಿಜ್ಞಾನ.

ಡಾ. ಸುಮತಿ: ಅರ್ಧ ಸರಿ. ಆಮ್ಲೀಯ ಮೂತ್ರದಲ್ಲಿ ನಿಕೋಟಿನ್ ಹೆಚ್ಚು ಹೊರಹೋಗುವುದು ನಿಜ. ಆದರೆ ನಿಂಬೆಯ ಸಿಟ್ರೇಟ್ ದೇಹದಲ್ಲಿ ಮಾರ್ಪಟ್ಟು ಮೂತ್ರವನ್ನು ಕ್ಷಾರೀಯಗೊಳಿಸುತ್ತದೆ. ಮೇಲಾಗಿ ಇಲ್ಲಿ ಅಳೆಯುವುದು ಕೋಟಿನಿನ್. ಅದರ ಮೇಲೆ ಮೂತ್ರದ ಆಮ್ಲೀಯತೆಯ ಪ್ರಭಾವ ಅಷ್ಟಕ್ಕಷ್ಟೆ. ಅದೇ ಸಂದೇಶದಲ್ಲಿ ಕೊಡಗಟ್ಟಲೆ ನೀರು ಕುಡಿಯಿರಿ ಎಂದೂ, ನಿಯಾಸಿನ್ ಮಾತ್ರೆ ನುಂಗಿ ಎಂದೂ ಇರಬೇಕು. ನೀರು ಕುಡಿದರೆ ಮೂತ್ರ ತೆಳುವಾಗುತ್ತದೆ. ಮೂತ್ರ ಎಷ್ಟು ತೆಳುವಾಗಿದೆ ಎಂದು ತಿಳಿಯಲು ಅದರಲ್ಲಿನ ಕ್ರಿಯಾಟಿನಿನ್ ನೋಡುವ ಪ್ರಯೋಗಾಲಯ ಅಂಥ ಮಾದರಿಯನ್ನು ತಿರಸ್ಕರಿಸುತ್ತದೆ. ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಆಸ್ಪತ್ರೆ ಸೇರಬೇಕಾದೀತು. ನಿಯಾಸಿನ್ ಹೆಚ್ಚಾದರೆ ಯಕೃತ್ತಿಗೇ ಪೆಟ್ಟು. ದಯವಿಟ್ಟು ಇವನ್ನು ಇಲ್ಲಿ ಹಂಚಬೇಡಿ.

ವನಜಾ: ನಮ್ಮವರು ಮನೆಯೊಳಗೇ ಸೇದುತ್ತಾರೆ. ನನಗೂ ಪಾಸಿಟಿವ್ ಬರುತ್ತದೆಯೇ ಮೇಡಂ?

ಡಾ. ಸುಮತಿ: ಕೋಟಿನಿನ್ ಸ್ವಲ್ಪ ಇರಬಹುದು. ಸಾಮಾನ್ಯವಾಗಿ ಸೇದುವವರ ಮಟ್ಟಕ್ಕಿಂತ ಬಹಳ ಕಡಿಮೆ. ಮಿತಿ ಕಡಿಮೆ ಇಟ್ಟಿರುವ ಕಡೆ ಮೊದಲೇ ತಿಳಿಸಿ.

ಗಿರೀಶ: ಬದನೆಕಾಯಿ, ಟೊಮೆಟೊದಲ್ಲೂ ನಿಕೋಟಿನ್ ಇದೆ. ಅದನ್ನು ತಿಂದೆ ಎಂದು ವಿಮೆಯವರಿಗೆ ಹೇಳಬಹುದಲ್ಲ?

ವನಜಾ: ಸುಳ್ಳು ಹೇಳಿ ವಿಮೆ ಮಾಡಿಸುವುದು ನಿಮಗೆ ಸರಿ ಎನಿಸುತ್ತದೆಯೇ? ಮುಂದೆ ಪರಿಹಾರ ತಿರಸ್ಕರಿಸಿದರೆ ಕಷ್ಟ ಪಡುವವರು ಹೆಂಡತಿ ಮಕ್ಕಳು.

ಗಿರೀಶ: ನೀವು ವಿಮೆಯವರ ವಕೀಲರೇ? ನಾನು ಕೇಳಿದ್ದು ಡಾಕ್ಟರನ್ನು.

ಮಂಜುನಾಥ: ಸರಿಯಾಗಿ ಕೇಳಿದರು ವನಜಾ ಅವರು. ಆದರೂ ಸೇದದೆ ಪ್ಯಾಚ್ ಹಾಕಿಕೊಳ್ಳುವವನಿಗೂ ಸೇದುವವನಿಗೂ ಒಂದೇ ಪ್ರೀಮಿಯಂ ಎಂದರೆ ಅದೇನು ನ್ಯಾಯ?

ಡಾ. ಸುಮತಿ: ತರಕಾರಿಯಲ್ಲಿರುವುದು ಅತ್ಯಲ್ಪ. ಊಟದಿಂದ ಸೇದುವವರ ಮಟ್ಟ ಬರುವುದಿಲ್ಲ. ವಿಮೆಯ ಜಗಳ ಬೇರೆಡೆ ಆಡಿ.

ಪ್ರವೀಣ: ನಿಕೋಟಿನ್ ಎಷ್ಟು ದಿನ ಇರುತ್ತದೆ?

ಡಾ. ಸುಮತಿ: ಮೇಲೆ ಬರೆದಿದ್ದೇನೆ. ಓದಿ.

ಲಲಿತಾ: ಕೂದಲಿನ ಪರೀಕ್ಷೆಯೂ ಇದೆಯಂತೆ. ಬಣ್ಣ ಹಚ್ಚಿದ್ದರೆ ವ್ಯತ್ಯಾಸವಾಗುತ್ತದೆಯೇ?

ಗಿರೀಶ: ಇಲ್ಲಿ ಪ್ರಶ್ನೆ ಕೇಳಿದರೆ ಉಪದೇಶ ಸಿಗುತ್ತದೆ ಅಷ್ಟೆ.

ಶ್ರೀಧರ: ಡಾಕ್ಟರೇ, ಅನಬಾಸಿನ್ ಕಾಣಲಿಲ್ಲ. ಮನೆಯವಳು ನಂಬಿದಳು. ಆದರೆ ಪ್ಯಾಚ್ ಕೂಡ ಬೇಡ, ಕೋಟಿನಿನ್ 50ಕ್ಕಿಂತ ಕೆಳಗಿಳಿಯಬೇಕು ಎನ್ನುತ್ತಾರೆ ಶಸ್ತ್ರಚಿಕಿತ್ಸಕರು. ಇಂದು ತೆಗೆದರೆ ಯಾವಾಗ ಪರೀಕ್ಷೆ ಮಾಡಿಸಲಿ?

ಡಾ. ಸುಮತಿ: ಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆಯಾಗಿದ್ದರೆ ಅವರ ಆತಂಕಕ್ಕೆ ಕಾರಣವಿದೆ. ನಿಕೋಟಿನ್ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಮತ್ತೆ ಸೇದುವುದಕ್ಕಿಂತ ಪ್ಯಾಚ್ ವಾಸಿ ಎಂದು ಒಪ್ಪುವ ಶಸ್ತ್ರಚಿಕಿತ್ಸಕರೂ ಇದ್ದಾರೆ. ಆ ನಿರ್ಧಾರ ನನ್ನದಲ್ಲ. ಅವರೊಂದಿಗೆ ಮಾತನಾಡಿದ ಮೇಲೆಯೇ ಪ್ಯಾಚ್ ತೆಗೆಯಿರಿ. ಸೇದಬೇಕೆನಿಸಿದರೆ ಏನು ಮಾಡುವುದೆಂದೂ ಕೇಳಿಕೊಳ್ಳಿ.

ಲೆಕ್ಕ ಹೀಗೆ. 900 ಇದ್ದದ್ದು ಹದಿನಾರು ಗಂಟೆಗೆ 450, 32 ಗಂಟೆಗೆ 225, 48ಕ್ಕೆ ಸುಮಾರು 112, 64ಕ್ಕೆ 56. ಅಂದರೆ ಮೂರನೆಯ ದಿನ 50ರ ಕೆಳಗೆ. ಆದರೆ ಪ್ಯಾಚ್ ಕಿತ್ತ ಮೇಲೂ ಚರ್ಮದಲ್ಲಿ ಉಳಿದ ನಿಕೋಟಿನ್ ಕೆಲವು ಗಂಟೆ ಒಳಸೇರುತ್ತಲೇ ಇರುತ್ತದೆ. ಕೆಲವರ ಯಕೃತ್ತು ನಿಧಾನ. ಅರ್ಧಕ್ಕಿಳಿಯಲು ಇಪ್ಪತ್ತನಾಲ್ಕು ಗಂಟೆ ಹಿಡಿದರೆ ಐದನೆಯ ದಿನ ಬಂದೀತು. ಒಂದು ವಾರ ಬಿಟ್ಟೇ ಮಾದರಿ ಕೊಡಿ. ಮೂತ್ರದ ಜೊತೆ ಕ್ರಿಯಾಟಿನಿನ್ ಕೂಡ ನೋಡಲು ಹೇಳಿ.

ಮಂಜುನಾಥ: ಒಂದು ವಾರ ಏಕೆ? ನಿಂಬೆ ಕುಡಿದರೆ

ಡಾ. ಸುಮತಿ: ಮಂಜುನಾಥ ಅವರೇ, ಸಾಕು.