‘ಪ್ಯಾರಿಟಿ’ಗೆ ‘ಸಮಾನತೆ’ ಅಂದರೆ ನಡೆಯುತ್ತಾ?

ಹಾಸನದಿಂದ:
ಹೂಡಿಕೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕನ್ವರ್ಟಿಬಲ್ ಬಾಂಡ್ ಹತ್ತಿರ ಬಂದು ಸಿಕ್ಕಿಬಿದ್ದೆ. ಉದಾಹರಣೆ ಹೀಗಿದೆ: ಮುಖಬೆಲೆ 1,000 ರೂಪಾಯಿ, ವರ್ಷಕ್ಕೆ ಶೇ. 6 ಬಡ್ಡಿ, ಇನ್ನೂ 3 ವರ್ಷ ಬಾಕಿ. ಬೇಕಾದರೆ ಬಾಂಡ್ ಕೊಟ್ಟು 20 ಷೇರು ಪಡೆಯಬಹುದು. ಷೇರು ಈಗ 42 ರೂಪಾಯಿ. ಬಾಂಡ್ ಮಾರುಕಟ್ಟೆಯಲ್ಲಿ 980. ಇದಕ್ಕೆ ‘ಪ್ಯಾರಿಟಿ 840’ ಎಂದಿದೆ. ‘ಸಮಾನತೆ 840’ ಅಂತ ಬರೆದು ನನಗೇ ನಗು ಬಂತು. ಯಾವುದು ಯಾವುದಕ್ಕೆ ಸಮಾನ?

ಬೇಲೂರಿನಿಂದ:
20 ಸಲ 42, ಅಷ್ಟೇ ಮೇಡಂ. ಈಗಲೇ ಬದಲಾಯಿಸಿಕೊಂಡರೆ ಸಿಗುವ ಷೇರುಗಳ ಬೆಲೆ. ‘ಬದಲಿ ಬೆಲೆ’ ಅನ್ನಿ. ಆದರೆ 840ರ ಮಾಲಿಗೆ 980 ಕೊಡುವವರು 140 ಸುಮ್ನೆ ಕಳೆದುಕೊಳ್ತಾರೆ, ಅಲ್ವಾ?

ಮೂಡಿಗೆರೆಯಿಂದ:
ಇದು ನಮ್ಮ ಕಾಫಿ ಔಟ್‌ಟರ್ನ್ ಇದ್ದ ಹಾಗೆ. 50 ಕೆಜಿ ಒಣ ಚೆರಿ ಮೂಟೆಗೆ 26 ಕೆಜಿ ಬೀಜ ಬಂದರೆ ಔಟ್‌ಟರ್ನ್ 26. ‘ಇಳುವರಿ’ ಅಂತ ಬರೆಯಿರಿ. ನಾನು ಒಮ್ಮೆ ಮುಂಗಡ ತಗೊಂಡು, ದರ ಏರಿದ ಮೇಲೂ ಹಳೇ ದರಕ್ಕೇ ಕೊಡಬೇಕಾಯಿತು. ಈ ಬಾಂಡೂ ಹಾಗೇನಾ?

ಚಿಕ್ಕಮಗಳೂರಿನಿಂದ:
ಅಲ್ಲ ಸಾರ್. ನಿಮ್ಮದು ಕಟ್ಟುಪಾಡು, ಇದು ಹಕ್ಕು. ಬೇಡದಿದ್ದರೆ ಬದಲಾಯಿಸಬೇಕಿಲ್ಲ. ಇನ್ನು ಔಟ್‌ಟರ್ನ್ ಬೆಳೆ ನೋಡಿ ಬದಲಾಗುತ್ತದೆ. 20 ಅನ್ನೋದು ಬಾಂಡ್ ಹೊರಡಿಸುವಾಗಲೇ ಬರೆದಿಟ್ಟ ಲೆಕ್ಕ. ಷೇರನ್ನು ಎರಡಾಗಿ ಒಡೆದರೆ 40 ಆಗುತ್ತೆ. ಷೇರಿನ ದರ ಏರಿಳಿದರೆ ಆಗಲ್ಲ. ‘ಇಳುವರಿ’ ಬೇಡವೇ ಬೇಡ, ಬಾಂಡಿನವರು ಅದನ್ನು ಯೀಲ್ಡ್‌ಗೆ, ಅಂದರೆ ಹೂಡಿದ ಹಣಕ್ಕೆ ಸಿಗುವ ಆದಾಯದ ದರಕ್ಕೆ ಬಳಸುತ್ತಾರೆ.

ಬೇಲೂರಿನವರ 140 ಪೂರ್ತಿ ನಷ್ಟವಲ್ಲ. ಷೇರಿನ ಮಾತು ಮರೆತು ಬರೀ ಸಾಲಪತ್ರ ಅಂತ ನೋಡಿ. ಅದೇ ಕಂಪನಿಯ ಮಾಮೂಲಿ ಬಾಂಡಿಗೆ ಮಾರುಕಟ್ಟೆ ಶೇ. 10 ಕೇಳುತ್ತಿದ್ದರೆ, ಮೂರು ವರ್ಷದ 60-60 ಬಡ್ಡಿ ಮತ್ತು ಕೊನೆಯ 1,000 ಸೇರಿ ಇವತ್ತಿನ ಬೆಲೆ ಸುಮಾರು 900. ಷೇರು ಕುಸಿದರೂ ಕೈಯಲ್ಲಿ ಇದು ಉಳಿಯುತ್ತದೆ. 980ರಲ್ಲಿ ಮಿಕ್ಕ 80 ಏನು? 20 ಷೇರು ಕೊಳ್ಳುವ ಹಕ್ಕಿನ ಬೆಲೆ, ಅಂದರೆ ಕಾಲ್ ಆಪ್ಷನ್. ಷೇರಿಗೆ 4 ರೂಪಾಯಿ ಬಿತ್ತು.

ಈ ಕೂಡುವ ಲೆಕ್ಕ ಅಂದಾಜು ಮಾತ್ರ. ಮಾಮೂಲಿ ಆಪ್ಷನ್‌ನಲ್ಲಿ ನಗದು ಕೊಟ್ಟು ಷೇರು ಕೊಳ್ಳುತ್ತೇವೆ. ಇಲ್ಲಿ ಕೊಡುವುದು ಬಾಂಡನ್ನೇ, ಅದರ ಬೆಲೆಯೇ ದಿನಾ ಅಲುಗಾಡುತ್ತೆ. ಕಂಪನಿಯೇ ಮುಳುಗುವ ಹಾಗಿದ್ದರೆ 900ರ ನೆಲವೂ ಕುಸಿಯುತ್ತದೆ.

ಬೇಲೂರಿನಿಂದ:
ಸರಿ, ನಷ್ಟ ಅಂದದ್ದು ವಾಪಸ್. ‘ಬದಲಿ ಬೆಲೆ’ ಮಾತ್ರ ವಾಪಸ್ ಇಲ್ಲ.

ಮೂಡಿಗೆರೆಯಿಂದ:
ಷೇರು 60 ಆದರೆ?

ಚಿಕ್ಕಮಗಳೂರಿನಿಂದ:
ಆಗ ಪ್ಯಾರಿಟಿ 1,200. ಬಾಂಡ್ ಅದಕ್ಕಿಂತ ಕೆಳಗೆ ಹೆಚ್ಚು ಹೊತ್ತು ನಿಲ್ಲಲ್ಲ. ಅಗ್ಗಕ್ಕೆ ಕೊಂಡು, ಬದಲಾಯಿಸಿ, ಷೇರು ಮಾರುವವರು ಕಾದಿರುತ್ತಾರೆ. ಬದಲಾಯಿಸುವ ಅವಧಿ ತೆರೆದಿರಬೇಕು, ಅಷ್ಟೆ. ಹಾಗಾಗಿ ನನ್ನ ಮತ ‘ಸಾಟಿ ಬೆಲೆ’ಗೆ.

ಹಾಸನದಿಂದ:
‘ಬದಲಿ ಬೆಲೆ’ ನೋಡಿದೊಡನೆ ಅರ್ಥವಾಗುತ್ತದೆ, ಸದ್ಯ ಅದನ್ನೇ ಹಾಕಿದ್ದೇನೆ. ತೊಂದರೆ ಏನೆಂದರೆ, ಮುಂದಿನ ಅಧ್ಯಾಯದಲ್ಲಿ ಪುಟ್-ಕಾಲ್ ಪ್ಯಾರಿಟಿ ಬರುತ್ತದೆ, ಅಂದರೆ ಷೇರು ಮಾರುವ ಹಕ್ಕು ಮತ್ತು ಕೊಳ್ಳುವ ಹಕ್ಕುಗಳ ಬೆಲೆಗಳ ನಡುವಿನ ಹೊಂದಾಣಿಕೆ. ಅಲ್ಲಿ ಏನನ್ನೂ ಬದಲಾಯಿಸುವುದಿಲ್ಲ. ‘ಸಾಟಿ’ ಎರಡೂ ಕಡೆ ಹೊಂದುತ್ತಾ?