ಹೊಸ ಟೀಮಿಗೆ ಮ್ಯಾನೇಜರ್ ಆಗಿ ಹೋಗುವಾಗ ಮೊದಲ ಮೇಲ್: ನಿಮ್ಮ ಅನುಭವ ಹೇಳಿ

ಕೇಳಿದವರು: ಸೋಮವಾರ ಹನ್ನೊಂದು ಜನರ ಟೆಸ್ಟಿಂಗ್ ಟೀಮಿಗೆ ಮ್ಯಾನೇಜರ್ ಆಗಿ ಸೇರುತ್ತಿದ್ದೇನೆ. ಹೊರಗಿನಿಂದ ಬಂದವಳು. ಈ ಹುದ್ದೆಗೆ ಕಾಯುತ್ತಿದ್ದ ಒಬ್ಬರು ಟೀಮಿನಲ್ಲೇ ಇದ್ದಾರಂತೆ. ಪರಿಚಯದ ಮೇಲ್‌ನಲ್ಲಿ ಏನು ಬರೆಯಲಿ?

ಬನಶಂಕರಿಯವ: ನಾನು ಕೆಟ್ಟದ್ದನ್ನು ಹೇಳುತ್ತೇನೆ, ಕೇಳಿ. ಸೇರಿದ ದಿನ ಬೆಳಗ್ಗೆ 8.40ಕ್ಕೇ ಮೇಲ್ ಕಳಿಸಿದೆ. ಒಂದೂವರೆ ಪುಟ. ಓದಿದ ಕಾಲೇಜು, ಹಿಂದಿನ ಪ್ರಾಜೆಕ್ಟುಗಳು, ಎಲ್ಲ ಇತ್ತು. ಎಚ್‌ಆರ್ ಪ್ರಕಟಣೆ ಹೋಗಿದ್ದು 11.15ಕ್ಕೆ. ಅಷ್ಟರಲ್ಲಿ ಮೂರು ಜನ ಇದ್ಯಾವುದೋ ಮೋಸದ ಮೇಲ್ ಅಂದುಕೊಂಡು ಸೆಕ್ಯುರಿಟಿಗೆ ದೂರು ಕೊಟ್ಟಿದ್ದರು. ಮಧ್ಯಾಹ್ನದವರೆಗೆ ನನ್ನ ಮೇಲ್ ಐಡಿ ಬಂದ್.

ಅದನ್ನು ಬೇಕಾದರೆ ಮರೆಯಬಹುದು. ಕೊನೆಯ ಸಾಲಿನಲ್ಲಿ 'ಕೆಲಸದ ವಿಧಾನವನ್ನು ಇನ್ನಷ್ಟು ಚುರುಕು ಮಾಡೋಣ' ಅಂತ ಬರೆದಿದ್ದೆ. ಆಗ ಮಾರ್ಚ್ ತಿಂಗಳು, ಅಪ್ರೈಸಲ್ ಹೊತ್ತು. ಜನ ಕಡಿಮೆ ಮಾಡಲು ಬಂದಿದ್ದಾನೆ ಅಂತ ಸುದ್ದಿ ಹಬ್ಬಿತು. ಆರು ವಾರದಲ್ಲಿ ಇಬ್ಬರು ರಾಜೀನಾಮೆ ಕೊಟ್ಟರು. 90 ದಿನ ನೋಟಿಸ್, ಆಮೇಲೆ ಹೊಸಬರು ಬಂದು ಕೆಲಸ ಕಲಿಯಲು ಮತ್ತೆ ಎರಡು ತಿಂಗಳು. ಆ ರಿಲೀಸ್ ಎರಡು ಸಲ ಮುಂದೆ ಹೋಯಿತು. ಒಂದೇ ಸಾಲಿಗೆ.

ಪೀಣ್ಯ ಶಿಫ್ಟ್: ಮೇಲ್ ಯಾಕೆ ಬೇಕು? ನಾನು ಶಾಪ್ ಫ್ಲೋರಿಗೆ ಹೋಗಿ ನಲವತ್ತು ಜನರ ಕೈ ಕುಲುಕಿದೆ, ಟೀ ಕುಡಿದೆ, ಮುಗಿಯಿತು. ಮುಖ ನೋಡದೆ ನಂಬಿಕೆ ಬರಲ್ಲ.

ಎರಡು ಮಕ್ಕಳ ತಾಯಿ: ನಿಮ್ಮ ನಲವತ್ತು ಜನ ಒಂದೇ ಸೂರಿನಡಿ ಇದ್ದರು. ನನ್ನವರಲ್ಲಿ ನಾಲ್ವರು ಪುಣೆ, ಇಬ್ಬರು ಡಲ್ಲಾಸ್, ಮಿಕ್ಕವರು ಮನೆಯಿಂದ ಕೆಲಸ. ಯಾರ ಕೈ ಕುಲುಕಲಿ? ಇಲ್ಲಿ ಬೆಳಗ್ಗೆ ಹತ್ತು ಅಂದರೆ ಅಲ್ಲಿ ಮಲಗುವ ಹೊತ್ತು.

ಪೀಣ್ಯ ಶಿಫ್ಟ್: ನಾನು ನನ್ನ ಅನುಭವ ಹೇಳಿದೆ ತಾಯಿ. ಅದನ್ನೇ ತಾನೇ ಕೇಳಿದ್ದು?

ಹೆಸರು ಬೇಡ: ಹುದ್ದೆಗೆ ಕಾಯುತ್ತಿದ್ದವನು ನಾನಾಗಿದ್ದೆ. ಬೇರೆ ಕಡೆ, ಆದರೆ ಇದೇ ಕಥೆ. ಏಳು ವರ್ಷ ಆ ಟೀಮಿನಲ್ಲಿದ್ದೆ. ಹೊಸಬರ ಮೇಲ್‌ನಲ್ಲಿ ನನ್ನ ಹೆಸರು ಹಾಕಿ, 'ಇವರ ಬೆಂಬಲ ನನಗೆ ತುಂಬಾ ಬೇಕು' ಅಂತ ಬರೆದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಬರೆದಿರಬಹುದು. ಆದರೆ ಎಲ್ಲರೂ ನನ್ನ ಮುಖ ನೋಡಿದರು. ಅವತ್ತು ಊಟಕ್ಕೆ ಕ್ಯಾಂಟೀನಿಗೆ ಹೋಗಲಿಲ್ಲ. ಹಿಂದಿನ ಶುಕ್ರವಾರ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ನಾಲ್ಕು ತಿಂಗಳಲ್ಲಿ ಬಿಟ್ಟೆ. ಇವತ್ತಿಗೂ ನೋವಿದೆ.

ಬನಶಂಕರಿಯವ: ಫೋನ್ ಮಾಡಿದ್ದರೆ ಇರುತ್ತಿದ್ದಿರಾ? ನಾನು ಮಾಡಿ ನೋಡಿದ್ದೇನೆ. ಆದರೂ ಬಿಟ್ಟು ಹೋದರು.

ಹೆಸರು ಬೇಡ: ಬಿಡುತ್ತಿದ್ದೆನೋ ಏನೋ. ಆದರೆ ಹೀಗೆ ಬಿಡುತ್ತಿರಲಿಲ್ಲ.

ಎರಡು ಮಕ್ಕಳ ತಾಯಿ: ನಾನು ಮೂರು ಟೀಮು ಬದಲಿಸಿದ್ದೇನೆ. ಮೂರನೆಯದರಲ್ಲಿ ಸರಿಹೋಯಿತು. ಮೊದಲು ಎಚ್‌ಆರ್ ಪ್ರಕಟಣೆ ಹೋಗಲಿ ಅಂತ ಕಾದೆ. ಆಮೇಲೆ ನನ್ನ ಬಾಸ್ ಟೀಮಿಗೆ ಎರಡು ಸಾಲು ಬರೆದರು. ಅದೇ ಮೇಲ್‌ಗೆ ಉತ್ತರವಾಗಿ ನನ್ನದು ಹೋಯಿತು, ಹಾಗಾಗಿ ಇವರ್ಯಾರು ಅಂತ ಯಾರೂ ಕೇಳಲಿಲ್ಲ. ಗ್ರೂಪ್ ಐಡಿಯೊಳಗೆ ಯಾರ್‍ಯಾರಿದ್ದಾರೆ ಅಂತ ಬಿಚ್ಚಿ ನೋಡಿದೆ. ಕ್ಲೈಂಟ್ ಕಡೆಯ ಇಬ್ಬರು ಇದ್ದರು! ಅವರನ್ನು ಬಿಟ್ಟು ಒಬ್ಬೊಬ್ಬರ ಐಡಿ ಹಾಕಿದೆ. ಮೇಲ್ ಇಷ್ಟೇ, ಇಂಗ್ಲಿಷಲ್ಲಿತ್ತು, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ:

'ಎಲ್ಲರಿಗೂ ನಮಸ್ಕಾರ. ಇಂದಿನಿಂದ ನಿಮ್ಮ ಜೊತೆ ಇದ್ದೇನೆ. ಹನ್ನೆರಡು ವರ್ಷ ಟೆಸ್ಟಿಂಗ್ ಮಾಡಿದ್ದೇನೆ, ನಿಮ್ಮ ಪ್ರಾಡಕ್ಟ್ ನನಗೆ ಹೊಸದು. ಈಗಾಗಲೇ ಒಪ್ಪಿಗೆಯಾದ ರಜೆ, ಶಿಫ್ಟ್, ಮನೆಯಿಂದ ಕೆಲಸದ ದಿನಗಳು ಹಾಗೇ ಇರುತ್ತವೆ. ಈ ಎರಡು ವಾರದಲ್ಲಿ ಒಬ್ಬೊಬ್ಬರೊಂದಿಗೆ ಅರ್ಧ ಗಂಟೆ ಮಾತಾಡುತ್ತೇನೆ. ಈಗ ನಿಮ್ಮ ಸಮಯ ಯಾವುದರಲ್ಲಿ ವ್ಯರ್ಥವಾಗುತ್ತಿದೆ ಅಂತ ತಿಳಿಯಬೇಕು.'

ರಜೆಯ ಸಾಲಿಗೇ ಜಾಸ್ತಿ ಉತ್ತರ ಬಂತು. ಒಬ್ಬ ಹುಡುಗ ತಂಗಿ ಮದುವೆಗೆ ಕೇಳಿದ್ದ ಹತ್ತು ದಿನ ಹೋಯಿತು ಅಂತ ಹೆದರಿ ಕೂತಿದ್ದನಂತೆ. ಆದರೆ ಆ ಮಾತು ಬರೆಯುವ ಮುಂಚೆ ಬಾಸ್‌ನ ಕೇಳಿ. ಮುಂದಿನ ತಿಂಗಳು ಎಲ್ಲರೂ ಆಫೀಸಿಗೆ ಬರಬೇಕು ಅಂತ ಮೇಲಿನವರು ತೀರ್ಮಾನಿಸಿದ್ದರೆ ನೀವು ಸುಳ್ಳುಗಾರ್ತಿ ಆಗುತ್ತೀರಿ.

ಹೆಬ್ಬಾಳ ಫ್ಲೈಓವರ್: 'ಸರ್, ಮೇಡಂ ಬೇಡ, ಹೆಸರು ಹಿಡಿದು ಕರೆಯಿರಿ' ಅಂತ ಖಂಡಿತ ಸೇರಿಸಿ.

ಪೀಣ್ಯ ಶಿಫ್ಟ್: ಯಾಕ್ರೀ? ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು ನಾನು ಹೆಸರು ಹಿಡಿದು ಕರೆಯಬೇಕಾ? ಗೌರವ ತೋರಿಸಿದರೆ ಏನು ತಪ್ಪು?

ಹೆಬ್ಬಾಳ ಫ್ಲೈಓವರ್: ಸರ್ ಅಂತ ಕರೆಯುವವನು ತಪ್ಪಾಗಿದೆ ಅಂತ ಹೇಳಲ್ಲ. ನಮ್ಮಲ್ಲಿ ಒಂದು ಬಗ್ ಹಾಗೇ ಲೈವ್ ಆಯಿತು. ಹುಡುಗಿಗೆ ಗೊತ್ತಿತ್ತು, ಸರ್‌ಗೆ ಹೇಗೆ ಹೇಳೋದು ಅಂತ ಸುಮ್ನಿದ್ದಳು.

ಪೀಣ್ಯ ಶಿಫ್ಟ್: ಅದು ಸರ್ ಅನ್ನೋ ಪದದ ತಪ್ಪಲ್ಲ, ಆ ಸರ್‌ದು.

ಕೇಳಿದವರು: ಹುದ್ದೆಗೆ ಕಾಯುತ್ತಿದ್ದವರಿಗೆ ಶುಕ್ರವಾರವೇ ಫೋನ್ ಮಾಡುತ್ತೇನೆ. ಆದರೆ ಎಚ್‌ಆರ್ ಪ್ರಕಟಣೆ ಮಂಗಳವಾರ ಸಂಜೆಯಂತೆ. ಅಲ್ಲಿಯವರೆಗೆ?

ಎರಡು ಮಕ್ಕಳ ತಾಯಿ: ಕಾಯಿರಿ. ಇಲ್ಲದಿದ್ದರೆ ಸೋಮವಾರವೇ ಎರಡು ಸಾಲು ಬರೆಯಲು ಬಾಸ್‌ಗೆ ಹೇಳಿ. ಫೋನ್ ಮಾಡುವ ಮುಂಚೆ, ಅವರಿಗೆ ವಿಷಯ ಗೊತ್ತಾ ಅಂತಲೂ ಕೇಳಿಕೊಳ್ಳಿ.

ಪೀಣ್ಯ ಶಿಫ್ಟ್: ಎರಡು ದಿನ ಸೀಟಿನಲ್ಲಿ ಸುಮ್ನೆ ಕೂರೋದಾ? ಎದ್ದು ಹೋಗಿ ಮಾತಾಡಿಸಿ.