ದೋಷಾರೋಪಣೆಯಲ್ಲಿ ‘ದುರುಪಯೋಗ’ ಎಂಬ ಪದ: ಎಲ್ಲಿ ಸಲ್ಲುತ್ತದೆ?

ಮಾನ್ಯರೇ,

ಇಲಾಖಾ ವಿಚಾರಣೆಯೊಂದರ ದೋಷಾರೋಪಣಾ ಪಟ್ಟಿಯ ಕರಡನ್ನು ತಿದ್ದುವ ಕೆಲಸ ನನಗೆ ಬಂದಿದೆ. ನಗದು ಶಾಖೆಯ ಗುಮಾಸ್ತರೊಬ್ಬರು ಮಾರ್ಚ್ 4ರಿಂದ 9ರವರೆಗೆ 41ರಿಂದ 58ನೆಯ ಸಂಖ್ಯೆಯ ರಸೀದಿಗಳ ಮೂಲಕ ವಸೂಲು ಮಾಡಿದ 18,400 ರೂಪಾಯಿಗಳನ್ನು ಆಯಾ ಮರುದಿನ ಬ್ಯಾಂಕಿಗೆ ಕಟ್ಟಬೇಕಿತ್ತು. ಆದರೆ ಲೆಕ್ಕ ತಪಾಸಣೆ ಆರಂಭವಾದ ಮೇಲೆ, ಏಪ್ರಿಲ್ 2ರಂದು ಕಟ್ಟಿದ್ದಾರೆ. ನಗದು ಪುಸ್ತಕದಲ್ಲಿ ಮಾತ್ರ ಮಾರ್ಚ್ 10ರಂದೇ ಹಣ ಜಮಾ ಆದಂತೆ ನಮೂದಿದೆ. ಕರಡಿನಲ್ಲಿರುವುದು ಒಂದೇ ಆರೋಪ: ‘ನೀವು ಸರ್ಕಾರದ ಹಣವನ್ನು ದುರುಪಯೋಗಪಡಿಸಿಕೊಂಡು, ಸುಳ್ಳು ನಮೂದು ಮಾಡಿ, ಗಂಭೀರ ಕರ್ತವ್ಯಲೋಪ ಎಸಗಿರುವುದು ರುಜುವಾತಾಗಿರುತ್ತದೆ.’

ತಡವಾಗಿ ಕಟ್ಟಿದ್ದನ್ನು ‘ದುರುಪಯೋಗ’ ಎನ್ನಬಹುದೇ? ‘ರುಜುವಾತಾಗಿರುತ್ತದೆ’ ಎಂದು ಮುಗಿಸುವುದು ಸರಿಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಲೆಕ್ಕಪತ್ರ ಶಾಖೆಯ ಸದಸ್ಯರೊಬ್ಬರು:

ಪೂರ್ತಿ ಹಣ ಖಜಾನೆಗೆ ಸೇರಿರುವಾಗ ದುರುಪಯೋಗದ ಪ್ರಶ್ನೆಯೇ ಏಳುವುದಿಲ್ಲ, ‘ವಿಳಂಬ ಜಮೆ’ ಎಂದಷ್ಟೇ ಬರೆಯಿರಿ. ‘ರುಜುವಾತಾಗಿರುತ್ತದೆ’ ಎಂಬುದನ್ನಂತೂ ತೆಗೆಯಲೇಬೇಕು.

ಮತ್ತೊಬ್ಬರು:

ಆರೋಪಪಟ್ಟಿಯಲ್ಲಿ ದಂಡಸಂಹಿತೆಯ ಕಲಮನ್ನು ಕಾಣಿಸದಿದ್ದರೆ ನ್ಯಾಯಾಲಯ ಅದನ್ನು ಸ್ವೀಕರಿಸುವುದಿಲ್ಲವಲ್ಲವೇ? ನಮ್ಮ ಬಂಧುವೊಬ್ಬರ ಮೊಕದ್ದಮೆಯಲ್ಲಿ ಪೊಲೀಸರು ಕಲಮುಗಳನ್ನು ಮೊದಲ ಪುಟದಲ್ಲಿಯೇ ಬರೆದಿದ್ದರು.

ಹಲವು ವರ್ಷ ಮಂಡನಾಧಿಕಾರಿಯಾಗಿದ್ದವರು:

ಪೊಲೀಸರ ಆರೋಪಪಟ್ಟಿಯ ವಿಷಯ ಬೇರೆ. ಇದು ಶಿಸ್ತು ಪ್ರಾಧಿಕಾರ ಹೊರಡಿಸುವ ಪಟ್ಟಿ. ಇಲ್ಲಿ ಹೇಳಬೇಕಾದದ್ದು ನಡತೆ ನಿಯಮದ ಉಲ್ಲಂಘನೆಯನ್ನು.

ಹಣ ಕೊನೆಗೆ ಸೇರಿತೆಂಬ ಒಂದೇ ಕಾರಣಕ್ಕೆ ದುರುಪಯೋಗ ಇಲ್ಲವೆನ್ನಲಾಗದು. ನಡುವಿನ ದಿನಗಳಲ್ಲಿ ಅದನ್ನು ಸ್ವಂತಕ್ಕೆ ಬಳಸಿದ್ದರೆ ‘ತಾತ್ಕಾಲಿಕ ದುರುಪಯೋಗ’ ಎನ್ನುವುದು ರೂಢಿಯಲ್ಲಿದೆ. ಆದರೆ ಆ ಪದವನ್ನು ಬಳಸಿದ ಮೇಲೆ ಸ್ವಂತ ಬಳಕೆಯನ್ನು ತೋರಿಸುವ ಹೊಣೆ ಮಂಡನಾಧಿಕಾರಿಯ ಮೇಲೆ ಬೀಳುತ್ತದೆ. ನಿಮ್ಮ ಕಡತದಲ್ಲಿ ಅದಕ್ಕೆ ನೇರ ಆಧಾರವಿಲ್ಲದಿದ್ದರೆ ‘ತಮ್ಮ ವಶದಲ್ಲಿಯೇ ಇರಿಸಿಕೊಂಡು’ ಎನ್ನುವುದು ಲೇಸು, ಏಕೆಂದರೆ ಅಷ್ಟನ್ನು ರಸೀದಿ ಮತ್ತು ಚಲನ್‌ಗಳ ದಿನಾಂಕಗಳೇ ಹೇಳುತ್ತವೆ.

ಇನ್ನು, ಇಲ್ಲಿ ಎರಡು ಆರೋಪಗಳು ಒಂದರೊಳಗೊಂದು ಸೇರಿಕೊಂಡಿವೆ. ಕರ್ನಾಟಕದ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ 11ನೆಯ ನಿಯಮವು ಆರೋಪಗಳು ನಿಶ್ಚಿತವಾಗಿಯೂ ಪ್ರತ್ಯೇಕವಾಗಿಯೂ ಇರಬೇಕೆನ್ನುತ್ತದೆ. ನಮೂದು ಬರೆದವರು ಬೇರೆಯವರೆಂದು ಸಾಕ್ಷ್ಯ ಬಂದರೆ, ಈ ಒಂಟಿ ಆರೋಪದಲ್ಲಿ ಯಾವ ಭಾಗ ಉಳಿಯಿತು, ಯಾವುದು ಬಿದ್ದಿತು ಎಂಬುದೇ ತಿಳಿಯದೆ ವಿಚಾರಣಾಧಿಕಾರಿ ‘ಭಾಗಶಃ ಸಾಬೀತು’ ಎಂದು ಬರೆಯುವ ಸ್ಥಿತಿ ಬರುತ್ತದೆ. ಆದ್ದರಿಂದ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಆರೋಪ 1: ನೀವು ನಗದು ಶಾಖೆಯಲ್ಲಿ ಕರ್ತವ್ಯದಲ್ಲಿದ್ದಾಗ, ರಸೀದಿ ಸಂಖ್ಯೆ 41ರಿಂದ 58ರವರೆಗೆ ವಸೂಲಾದ 18,400 ರೂಪಾಯಿಗಳನ್ನು ಆಯಾ ಮರುದಿನ ಜಮಾ ಮಾಡದೆ ಏಪ್ರಿಲ್ 2ರವರೆಗೆ ನಿಮ್ಮ ವಶದಲ್ಲಿಯೇ ಇರಿಸಿಕೊಂಡಿದ್ದಿರೆಂದು ಆರೋಪಿಸಲಾಗಿದೆ.

ಆರೋಪ 2: ಸದರಿ ಹಣ ಮಾರ್ಚ್ 10ರಂದೇ ಜಮಾ ಆಗಿದೆಯೆಂದು ನಗದು ಪುಸ್ತಕದಲ್ಲಿ ವಾಸ್ತವಕ್ಕೆ ವಿರುದ್ಧವಾಗಿ ನಮೂದಿಸಿದ್ದಿರೆಂದು ಆರೋಪಿಸಲಾಗಿದೆ.’

ಪ್ರತಿಯೊಂದರ ಕೊನೆಗೂ ಉಲ್ಲಂಘಿತವಾದ ನಡತೆ ನಿಯಮ ಬರಲಿ. ಯಾವ ರಸೀದಿಗೆ ಎಷ್ಟು ಹಣ, ತಪಾಸಣೆಯವರು ಇದನ್ನು ಹೇಗೆ ಕಂಡುಕೊಂಡರು ಎಂಬಂಥ ಸಂಗತಿಗಳೆಲ್ಲ ಎರಡನೆಯ ಅನುಬಂಧದ ವಿವರಣೆಗೆ ಸೇರಿದವು. ಅಲ್ಲಿಯೂ ಆರೋಪದಲ್ಲಿಲ್ಲದ ಹೊಸ ದೋಷವನ್ನು ನುಸುಳಿಸಬಾರದು. ‘ರುಜುವಾತಾಗಿರುತ್ತದೆ’ ಎಂಬುದು ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟಂತೆ; ಕಾರಣ ಕೇಳುವ ನೋಟಿಸಿನಲ್ಲಿ ಅಂಥ ಪೂರ್ವನಿರ್ಣಯ ಕೂಡದೆಂದು ಸುಪ್ರೀಂ ಕೋರ್ಟು 2010ರ ಓರಿಕ್ಸ್ ಫಿಷರೀಸ್ ಪ್ರಕರಣದಲ್ಲಿ ಹೇಳಿದೆ.

ದಾಖಲೆಗಳ ಪಟ್ಟಿಯಲ್ಲಿ ರಸೀದಿ ಪುಸ್ತಕದ ಸ್ಥಳಪ್ರತಿ, ನಗದು ಪುಸ್ತಕದ ಆ ಪುಟ, ಬ್ಯಾಂಕಿನ ಚಲನ್ ಮತ್ತು ತಪಾಸಣಾ ವರದಿಯನ್ನು ಎಲ್ಲರೂ ಸೇರಿಸುತ್ತಾರೆ. ಬಹುಮಟ್ಟಿಗೆ ಮರೆತುಹೋಗುವುದು ಕಾರ್ಯಹಂಚಿಕೆ ಆದೇಶ. ಅದಿಲ್ಲದಿದ್ದರೆ ‘ಹಣ ಕಟ್ಟುವುದು ನನ್ನ ಕೆಲಸವೇ ಆಗಿರಲಿಲ್ಲ’ ಎಂಬ ಒಂದು ಮಾತಿಗೆ ಉತ್ತರ ಸಿಗುವುದಿಲ್ಲ. ಪ್ರತಿ ದಾಖಲೆಯ ಮುಂದೆ ಅದನ್ನು ಗುರುತಿಸುವ ಸಾಕ್ಷಿ ಯಾರೆಂದು ಪೆನ್ಸಿಲಿನಲ್ಲಿ ಬರೆದು ನೋಡಿ. ಹೆಸರು ಬಾರದ ದಾಖಲೆ ವಿಚಾರಣೆಯಲ್ಲಿ ನಿಲ್ಲುವುದು ಕಷ್ಟ.

ಮೊದಲು ಪ್ರಶ್ನೆ ಕೇಳಿದವರು:

ತಮ್ಮ ವಿವರಣೆಗೆ ಕೃತಜ್ಞನಾಗಿದ್ದೇನೆ. ಕಾರ್ಯಹಂಚಿಕೆ ಆದೇಶ ನಮ್ಮ ಪಟ್ಟಿಯಲ್ಲಿ ಇಲ್ಲ, ನಾಳೆಯೇ ಹುಡುಕಿಸುತ್ತೇನೆ. ಒಂದು ಸಂದೇಹ ಉಳಿದಿದೆ: ಆ ನಮೂದಿನಲ್ಲಿ ಗುಮಾಸ್ತರ ಕೈಬರಹವಿದೆ, ಆದರೆ ಕೆಳಗಿನ ಸಹಿ ಮೇಲ್ವಿಚಾರಕರದ್ದು. ಹಾಗಿರುವಾಗ ‘ನಮೂದಿಸಿದ್ದಿರಿ’ ಎಂಬ ಕ್ರಿಯಾಪದ ಸಾಕೇ, ‘ಬರೆದು, ದೃಢೀಕರಣಕ್ಕೆ ಮಂಡಿಸಿದ್ದಿರಿ’ ಎನ್ನಬೇಕೇ?

ಮಂಡನಾಧಿಕಾರಿಯಾಗಿದ್ದವರು:

ಮಂಡಿಸಿದ್ದಕ್ಕೆ ಸಾಕ್ಷಿ ಹೇಳಬಲ್ಲವರು ಆ ಮೇಲ್ವಿಚಾರಕರೊಬ್ಬರೇ. ಅವರ ಮೇಲೆಯೂ ಕ್ರಮ ಆಗಲಿದೆಯೇ ಎಂಬುದು ತಿಳಿಯುವವರೆಗೆ ‘ಬರೆದಿದ್ದಿರಿ’ ಎನ್ನುವುದಕ್ಕಿಂತ ಮುಂದೆ ನಾನು ಹೋಗುವುದಿಲ್ಲ.